ಸ್ಕ್ರೀನ್‌ನಲ್ಲಿ 50%, ಗ್ಲಾಸ್‌ನಲ್ಲಿ ನೀರಿಲ್ಲ

ಕೊಪ್ಪಳದ ಹತ್ತಿರ ಒಂದು ಕಬ್ಬಿಣದ ಕಾರ್ಖಾನೆಯಲ್ಲಿ ನಾನು ಇನ್‌ಸ್ಟ್ರುಮೆಂಟ್ ಎಂಜಿನಿಯರ್ ಆಗಿದ್ದೆ. ಬ್ಲಾಸ್ಟ್ ಫರ್ನೇಸ್‌ನಿಂದ ಬರುವ ಗ್ಯಾಸ್ ಉರಿಸಿ ಅಲ್ಲೇ ಕರೆಂಟ್ ಮಾಡಿಕೊಳ್ಳುವ ಬಾಯ್ಲರ್ ಒಂದಿತ್ತು. ಒಂದು ರಾತ್ರಿ ಕಂಟ್ರೋಲ್ ರೂಮಿನಲ್ಲಿ ಕೂತಿದ್ದಾಗ ಬಾಯ್ಲರ್ ಅಟೆಂಡೆಂಟ್ ಅಣ್ಣ ಓಡಿಬಂದ. "ಸರ್ರ, ಗ್ಲಾಸ್‌ನ್ಯಾಗ ನೀರೇ ಕಾಣವಲ್ದು!"

ಸ್ಕ್ರೀನ್ ನೋಡಿದೆ. ಡ್ರಮ್ ಲೆವೆಲ್, ಅಂದರೆ ಬಾಯ್ಲರ್ ಮೇಲಿನ ನೀರು-ಹಬೆ ಪಾತ್ರೆಯಲ್ಲಿ ನೀರಿನ ಮಟ್ಟ, 50%. ಗಂಟೆಗಟ್ಟಲೆ ಟ್ರೆಂಡ್ ಗೆರೆ ಎಳೆದಂತೆ ನೆಟ್ಟಗೆ. ಅಲಾರಂ ಒಂದೂ ಇಲ್ಲ. ಮೊದಲು ನಾನು ನಂಬಿದ್ದು ಸ್ಕ್ರೀನನ್ನೇ, ಅದನ್ನು ಒಪ್ಪಿಕೊಳ್ಳಬೇಕು.

ಡ್ರಮ್ಮಿನ ನೀರನ್ನು ಕಣ್ಣಾರೆ ತೋರಿಸುವ ಗೇಜ್ ಗ್ಲಾಸ್‌ನಲ್ಲಿ ಒಂದು ತಮಾಷೆ ಇದೆ. ನೀರು ಪೂರ್ತಿ ತುಂಬಿದರೂ, ಪೂರ್ತಿ ಖಾಲಿಯಾದರೂ ಅದು ಒಂದೇ ತರ ಕಾಣುತ್ತದೆ, ಯಾಕೆಂದರೆ ನೀರಿನ ಗೆರೆ ಎರಡರಲ್ಲೂ ಇರುವುದಿಲ್ಲ. ಹಾಗಾಗಿ ಡ್ರೈನ್ ಕಾಕ್ ತೆರೆದು ನೋಡಬೇಕು. ಅಣ್ಣ ಅದನ್ನೂ ಮಾಡಿ ಬಂದಿದ್ದ. ಬರೀ ಹಬೆ ಬಂತಂತೆ, ಹನಿ ನೀರಿಲ್ಲ. ನಾನು ಎಮರ್ಜೆನ್ಸಿ ಬಟನ್ ಒತ್ತಿದೆ. ಗ್ಯಾಸ್ ವಾಲ್ವ್ ಬಡಿದು ಮುಚ್ಚಿತು, ಬೆಂಕಿ ಆರಿತು. ಫೀಡ್ ಪಂಪ್‌ನಿಂದ ಜಾಸ್ತಿ ನೀರು ಬಿಡಲು ಹೋದವನ ಕೈ ಹಿಡಿದು ನಿಲ್ಲಿಸಿದೆ. ಒಣಗಿ ಕಾದ ಟ್ಯೂಬ್‌ಗೆ ನೀರು ಬಿದ್ದರೆ ಒಮ್ಮೆಲೆ ಹಬೆಯಾಗಿ ಟ್ಯೂಬ್ ಸಿಡಿಯಬಹುದು. ಅವತ್ತು ಯಾರಿಗೂ ಏನೂ ಆಗಲಿಲ್ಲ.

ಬೆಳಗ್ಗೆ ಹುಡುಕಿದರೆ ಸಿಕ್ಕಿದ್ದು ಒಂದು ಹನಿ. ಲೆವೆಲ್ ಟ್ರಾನ್ಸ್‌ಮಿಟರ್‌ನ ಮ್ಯಾನಿಫೋಲ್ಡ್‌ನಲ್ಲಿ ಡ್ರೈನ್ ಪ್ಲಗ್ ಸೋರುತ್ತಿತ್ತು. ಡ್ರಮ್ ಲೆವೆಲ್ ಅಳೆಯುವುದು ಒತ್ತಡದ ವ್ಯತ್ಯಾಸದಿಂದ. ಹಬೆ ತಣಿದು ನೀರಾಗುವ ಮೇಲಿನ ಕಂಡೆನ್ಸೇಟ್ ಪಾಟ್‌ನಿಂದ ಬರುವ ಪೈಪಿನಲ್ಲಿ ಯಾವಾಗಲೂ ನೀರು ತುಂಬಿರಬೇಕು. ಆ ನೀರಿನ ಭಾರಕ್ಕೂ ಡ್ರಮ್ಮಿನ ನೀರಿನ ಭಾರಕ್ಕೂ ಇರುವ ವ್ಯತ್ಯಾಸ ಜಾಸ್ತಿಯಾದಷ್ಟೂ ಲೆವೆಲ್ ಕಡಿಮೆ ಎಂದು ಲೆಕ್ಕ. ಈ ಪೈಪೇ ಸೋರಿ ಖಾಲಿಯಾಗುತ್ತಾ ಹೋದರೆ ವ್ಯತ್ಯಾಸ ಇಳಿಯುತ್ತದೆ, ಡ್ರಮ್ಮಿನಲ್ಲಿ ನೀರು ಏರುತ್ತಿದೆ ಎಂದು ಟ್ರಾನ್ಸ್‌ಮಿಟರ್ ಹೇಳುತ್ತದೆ. ಕಂಟ್ರೋಲರ್ ಪಾಪ, ಏರಿದ್ದನ್ನು ಇಳಿಸಲು ಫೀಡ್ ವಾಲ್ವ್ ಸ್ವಲ್ಪ ಮುಚ್ಚುತ್ತದೆ. ಮತ್ತೆ ಸೋರುತ್ತದೆ, ಮತ್ತೆ ಮುಚ್ಚುತ್ತದೆ. ಸ್ಕ್ರೀನ್‌ನಲ್ಲಿ 50% ಕದಲುವುದಿಲ್ಲ, ನಿಜವಾದ ನೀರು ಇಳಿಯುತ್ತಲೇ ಇರುತ್ತದೆ. ಆ ರಾತ್ರಿಯ ಟ್ರೆಂಡ್ ತೆಗೆದು ನೋಡಿದಾಗ ಹಬೆ ಗಂಟೆಗೆ 22 ಟನ್, ಫೀಡ್ ನೀರು ಇಪ್ಪತ್ತೂವರೆ ಟನ್. ಸುಳಿವು ಅಲ್ಲೇ ಇತ್ತು. ಮೀಟರ್ ತಪ್ಪಿರಬೇಕು ಎಂದು ನಾವು ಅದನ್ನು ಬಿಟ್ಟಿದ್ದೆವು.

ನನಗೆ ನಿದ್ದೆ ಕೆಡಿಸಿದ್ದು ಸೋರಿಕೆ ಅಲ್ಲ. ನೀರು ತೀರ ಇಳಿದರೆ ಬಾಯ್ಲರನ್ನು ತಾನೇ ನಿಲ್ಲಿಸುವ ಲೋ-ಲೋ ಲೆವೆಲ್ ಟ್ರಿಪ್ ನಮ್ಮ ಕಂಟ್ರೋಲ್ ಕಂಪ್ಯೂಟರ್ ಆದ ಡಿಸಿಎಸ್‌ನಲ್ಲೇ ಇತ್ತು, ಅದೂ ಅದೇ ಟ್ರಾನ್ಸ್‌ಮಿಟರ್ ನೋಡಿಕೊಂಡು. ಲೋ ಅಲಾರಂ ಕೂಡ ಅದರಿಂದಲೇ. ಡ್ರಾಯಿಂಗ್‌ನಲ್ಲಿ ಕಂಟ್ರೋಲ್, ಅಲಾರಂ, ಟ್ರಿಪ್ ಎಂದು ಮೂರು ಕಾವಲುಗಾರರು. ನಿಜದಲ್ಲಿ ಮೂವರಿಗೂ ಸೇರಿ ಒಂದೇ ಕಣ್ಣು. ಎಮರ್ಜೆನ್ಸಿ ಬಟನ್ ಮಾತ್ರ ಹಳೆ ಕಾಲದವರು ಗ್ಯಾಸ್ ವಾಲ್ವ್‌ನ ಸೊಲೆನಾಯ್ಡ್‌ಗೆ ನೇರ ವೈರ್ ಹಾಕಿದ್ದರು. ಡಿಸಿಎಸ್ ಅದರ ದಾರಿಯಲ್ಲಿ ಇರಲೇ ಇಲ್ಲ.

ಟ್ರಿಪ್‌ಗೆ ಡಿಸಿಎಸ್‌ನಿಂದ ಬೇರೆಯಾದ ಪ್ಯಾನೆಲ್ ಬೇಕು ಎಂದೆ. ಮ್ಯಾನೇಜರ್ ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. "ಡಿಸಿಎಸ್‌ನಲ್ಲಿ ಇನ್ನೂ ಇನ್‌ಪುಟ್ ಖಾಲಿ ಇವೆಯಲ್ಲ, ಎರಡು ಟ್ರಾನ್ಸ್‌ಮಿಟರ್ ಸೇರಿಸಿದ್ರೆ ಸಾಕಲ್ವಾ? ಬೇರೆ ಪ್ಯಾನೆಲ್ ಯಾಕ್ರೀ?"

ಕಾರ್ಖಾನೆಗಳ ಸುರಕ್ಷತಾ ವ್ಯವಸ್ಥೆಗೆ ಇರುವ ಅಂತರರಾಷ್ಟ್ರೀಯ ಮಾನದಂಡ ಐಇಸಿ 61511 ಹೇಳುವ ರೀತಿಯಲ್ಲಿ ಅವರ ಮುಂದೆಯೇ ಲೆಕ್ಕ ಹಾಕಿದೆ. ನಾವು ಹೆದರುತ್ತಿರುವ ಘಟನೆ ಶುರುವಾಗುವುದೇ ಕಂಟ್ರೋಲ್ ಲೂಪ್ ಕೆಟ್ಟಾಗ. ಅದು 10 ವರ್ಷಕ್ಕೊಮ್ಮೆ ಕೆಡಬಹುದು ಎಂದು ಇಟ್ಟುಕೊಳ್ಳುವುದು ರೂಢಿ. ಕೆಟ್ಟಿರುವ ಡಿಸಿಎಸ್ಸೇ ಕಾಪಾಡುತ್ತದೆ ಎಂದು ಮತ್ತೆ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಕಾರ್ಡ್, ಪವರ್ ಸಪ್ಲೈ, ಪ್ರೋಗ್ರಾಂ ಎಲ್ಲ ಒಂದೇ. ಜೊತೆಗೆ ಡಿಸಿಎಸ್‌ಗೆ ನಾವು ದಿನಾ ಕೈ ಹಾಕುತ್ತೇವೆ. ಟ್ಯೂನಿಂಗ್, ಫೋರ್ಸ್ ಮಾಡುವುದು, ಶಿಫ್ಟ್ ನಡುವೆ ಲಾಜಿಕ್ ಬದಲಿಸುವುದು. ಹಾಗೆ ಕೈ ಹಾಕಲು ಬಿಡುವುದೇ ಅದರ ಕೆಲಸ. ಟ್ರಿಪ್ ಲಾಜಿಕ್‌ಗೆ ಅದೇ ವಿಷ.

ಬೇರೆ ಕಣ್ಣಿನಿಂದ ಬರುವ ಅಲಾರಂ ಮತ್ತು ಅದನ್ನು ಕೇಳಿ ಎದ್ದು ಓಡುವ ಆಪರೇಟರ್ ಸೇರಿ ಹತ್ತರಲ್ಲಿ ಒಂಬತ್ತು ಸಲ ಕಾಪಾಡಬಹುದು. ಅಲ್ಲಿಗೆ 100 ವರ್ಷಕ್ಕೊಮ್ಮೆ. ಜನ ಸಾಯುವಂಥ ಘಟನೆಗೆ ಕಂಪನಿ ಒಪ್ಪಿದ್ದ ಮಿತಿ 10,000 ವರ್ಷಕ್ಕೊಮ್ಮೆ. ನಡುವಿನ 100 ಪಟ್ಟನ್ನು ಟ್ರಿಪ್ ತುಂಬಬೇಕು. ಟ್ರಿಪ್ ಎಷ್ಟು ನಂಬಿಕಸ್ಥ ಎನ್ನುವುದರ ದರ್ಜೆಗೆ ಸಿಲ್ ಎನ್ನುತ್ತಾರೆ. ಸಿಲ್ 1 ಅಂದರೆ ಅಪಾಯ 10ರಿಂದ 100 ಪಟ್ಟು ಕಡಿಮೆ, ಸಿಲ್ 2 ಅಂದರೆ 100ರಿಂದ 1000 ಪಟ್ಟು. ಗಡಿಯ ಮೇಲೆ ನಿಲ್ಲುವ ಧೈರ್ಯ ಇರಲಿಲ್ಲ, ಸಿಲ್ 2 ಹಿಡಿದೆವು.

ಟ್ರಿಪ್ ಲಾಜಿಕ್ ನಡೆಸಲು ಸಿಲ್ 2 ಸರ್ಟಿಫಿಕೇಟ್ ಇರುವ ಪಿಎಲ್‌ಸಿ ಪೆಟ್ಟಿಗೆ ತಂದರೆ ಮುಗಿಯಿತು ಎಂದು ತುಂಬ ಜನ ಅಂದುಕೊಳ್ಳುತ್ತಾರೆ. ಸಿಲ್ ಪೆಟ್ಟಿಗೆಯದ್ದಲ್ಲ. ಟ್ರಾನ್ಸ್‌ಮಿಟರ್‌ನಿಂದ ಗ್ಯಾಸ್ ವಾಲ್ವ್‌ವರೆಗಿನ ಇಡೀ ಸರಪಳಿಯದ್ದು. ಸರಪಳಿಯಲ್ಲಿ ಪಿಎಲ್‌ಸಿ ಪಾಲು ಸಣ್ಣದು, ದೊಡ್ಡ ಪಾಲು ವಾಲ್ವ್‌ನದು. ಒಂದೇ ವಾಲ್ವ್ ಇದ್ದರೆ ಲೆಕ್ಕ ಸುಲಭ:

```
PFDavg = λDU × T / 2
0.02 × 1 / 2 = 0.01
```

PFDavg ಅಂದರೆ ಬೇಕಾದಾಗ ವಾಲ್ವ್ ಕೆಲಸ ಮಾಡದಿರುವ ಸರಾಸರಿ ಸಾಧ್ಯತೆ. 100 ಪಟ್ಟು ಕಡಿಮೆ ಅಂದರೆ ಅದು 0.01. ಹೊರಗೆ ಗೊತ್ತಾಗದೆ ವಾಲ್ವ್ ಕೆಟ್ಟು ಕೂರುವುದು 50 ವರ್ಷಕ್ಕೊಮ್ಮೆ ಎಂದು ಹಿಡಿದರೆ λDU ವರ್ಷಕ್ಕೆ 0.02. T ಅಂದರೆ ಎಷ್ಟು ವರ್ಷಕ್ಕೊಮ್ಮೆ ಟೆಸ್ಟ್ ಮಾಡುತ್ತೀರಿ ಎನ್ನುವುದು. ವರ್ಷಕ್ಕೊಮ್ಮೆ ಮಾಡಿದರೂ 0.01, ಅಂದರೆ ಸಿಲ್ 2ಕ್ಕೆ ಇರುವ ಜಾಗವನ್ನೆಲ್ಲ ವಾಲ್ವ್ ಒಂದೇ ತಿಂದು ಹಾಕಿತು. ಮೂರು ವರ್ಷಕ್ಕೊಮ್ಮೆ ಮಾಡಿದರೆ 0.03, ಸಿಲ್ 1ಕ್ಕೆ ಇಳಿಯಿತು. ಅದಕ್ಕೇ ಒಂದರ ಹಿಂದೆ ಒಂದರಂತೆ ಎರಡು ವಾಲ್ವ್ ಹಾಕಿದೆವು. ಯಾವುದಾದರೂ ಒಂದು ಮುಚ್ಚಿದರೆ ಸಾಕು.

ಲೆವೆಲ್‌ಗೆ ಮೂರು ಅಳತೆ, ಮೂರರಲ್ಲಿ ಎರಡು ಲೋ-ಲೋ ಅಂದರೆ ಟ್ರಿಪ್. ಒಂದು ಸುಳ್ಳು ಹೇಳಿದರೆ ಬಾಯ್ಲರ್ ಸುಮ್ನೆ ನಿಲ್ಲುವುದಿಲ್ಲ, ಒಂದು ಸತ್ತರೂ ಟ್ರಿಪ್ ಉಳಿಯುತ್ತದೆ. ಆದರೆ ಮೂರನ್ನೂ ಒಂದೇ ಕಂಡೆನ್ಸೇಟ್ ಪಾಟ್‌ಗೆ ಕಟ್ಟಿದ್ದರೆ ಅದೇ ಹನಿ ಮೂವರನ್ನೂ ಒಟ್ಟಿಗೆ ಸುಳ್ಳುಗಾರರನ್ನಾಗಿ ಮಾಡುತ್ತಿತ್ತು. ಡ್ರಮ್ಮಿಗೆ ಹೊಸ ತೂತು ಕೊರೆಯುವುದು ಹುಡುಗಾಟವಲ್ಲ, ಬಾಯ್ಲರ್ ಇಲಾಖೆಯ ಒಪ್ಪಿಗೆ ಬೇಕು. ಹಾಗಾಗಿ ಇದ್ದ ಟ್ಯಾಪಿಂಗ್‌ಗಳಲ್ಲೇ ಹೊಂದಿಸಿದೆವು. ಡ್ರಮ್ಮಿನ ಎರಡೂ ತುದಿಗೆ ಪ್ರತ್ಯೇಕ ಪಾಟ್ ಇರುವ ಒಂದೊಂದು ಟ್ರಾನ್ಸ್‌ಮಿಟರ್. ಮೂರನೆಯದು ಎಲೆಕ್ಟ್ರೋಡ್‌ನಿಂದ ನೀರು ಮುಟ್ಟಿ ನೋಡುವ ಬೇರೆಯೇ ಜಾತಿಯದ್ದು.

ಹೊಸ ಪ್ಯಾನೆಲ್‌ಗೆ ಅದರದೇ ಯುಪಿಎಸ್ ಫೀಡರ್. ಸೊಲೆನಾಯ್ಡ್‌ಗೆ ಕರೆಂಟ್ ನಿಂತರೆ ಗ್ಯಾಸ್ ಮುಚ್ಚುತ್ತದೆ, ಅಂದರೆ ವೈರ್ ತುಂಡಾದರೂ ಟ್ರಿಪ್ಪೇ. ಡಿಸಿಎಸ್ ಆ ಪ್ಯಾನೆಲ್‌ನ ಅಂಕಿಗಳನ್ನು ಓದಬಹುದು, ಬರೆಯುವಂತಿಲ್ಲ. ಸ್ಕ್ರೀನ್‌ನಿಂದಲೇ ರಿಸೆಟ್ ಕೊಡಿ ಎಂದು ಆಪರೇಷನ್‌ನವರು ವಾರಗಟ್ಟಲೆ ಜಗಳ ಮಾಡಿದರು. ಕೊಡಲಿಲ್ಲ. ನಡೆದು ಬಂದು ಪ್ಯಾನೆಲ್ ಮುಂದೆ ನಿಂತು ಒತ್ತಲಿ.

ಮೊದಲ ವಾರ್ಷಿಕ ಟೆಸ್ಟ್‌ನಲ್ಲಿ ಸಿಗ್ನಲ್ ಮಾತ್ರ ಸಿಮ್ಯುಲೇಟ್ ಮಾಡಲಿಲ್ಲ. ಹಾಗೆ ಮಾಡಿದರೆ ಟ್ಯಾಪಿಂಗ್ ಕಟ್ಟಿಕೊಂಡಿದ್ದರೂ ಗೊತ್ತಾಗುವುದಿಲ್ಲ. ಲೋಡ್ ಇಳಿಸಿ, ಎರಡೂ ಗೇಜ್ ಗ್ಲಾಸ್ ಮುಂದೆ ಜನ ನಿಲ್ಲಿಸಿ, ಬ್ಲೋಡೌನ್‌ನಿಂದ ನಿಧಾನಕ್ಕೆ ನೀರು ಇಳಿಸಿದೆವು. ಟ್ರಿಪ್ ಮಟ್ಟವನ್ನು ಗ್ಲಾಸ್‌ನಲ್ಲಿ ನೀರು ಕಾಣುವ ಜಾಗದಲ್ಲೇ ಇಟ್ಟಿದ್ದರಿಂದ ಇದು ಸಾಧ್ಯವಾಯಿತು. ಅಳತೆಗಳು ಸರಿಯಾಗಿ ಬಂದವು, ಟ್ರಿಪ್ ಆಯಿತು, ಬೆಂಕಿ ಆರಿತು. ಎಲ್ಲರೂ ಟೀ ಕುಡಿಯಲು ಹೊರಟರು. ವಾಲ್ವ್ ಹತ್ತಿರ ಹೋಗಿ ನೋಡಿದರೆ ಎರಡನೆಯದು ಪೂರ್ತಿ ಮುಚ್ಚಿದೆ, ಮೊದಲನೆಯದು ಅರ್ಧದಲ್ಲೇ ನಿಂತಿದೆ. ಗ್ಯಾಸ್‌ನ ಧೂಳು ತೇವಕ್ಕೆ ಗಟ್ಟಿಯಾಗಿ ಸ್ಪಿಂಡಲ್ ಸುತ್ತ ಸಿಮೆಂಟಿನಂತೆ ಕೂತಿತ್ತು. ನನ್ನ 0.02 ಶುದ್ಧ ಗ್ಯಾಸ್‌ನ ವಾಲ್ವ್‌ಗೆ ಸರಿ, ನಮ್ಮದಕ್ಕಲ್ಲ. ಆವತ್ತೇ ಲೆಕ್ಕದ ಹಾಳೆ ತಿದ್ದಿ, ವಾಲ್ವ್ ಟೆಸ್ಟ್ ಆರು ತಿಂಗಳಿಗೊಮ್ಮೆ ಎಂದು ಬರೆದೆ. ಪ್ರೊಡಕ್ಷನ್‌ನವರು ಇವತ್ತಿಗೂ ಅದಕ್ಕೆ ಗೊಣಗುತ್ತಾರೆ.