ಮ್ಯಾನೇಜ್‌ಮೆಂಟ್ ಡಿಸ್ಕಶನ್: ಹೋದ ವರ್ಷ ಹೇಳಿದ್ದು ಈ ವರ್ಷ ಎಲ್ಲಿ ಹೋಯ್ತು?

ಕಂಪನಿಯ ವಾರ್ಷಿಕ ವರದಿ ತೆಗೆದರೆ ನಾನು ಫೋಟೋಗಳನ್ನೂ ಅಧ್ಯಕ್ಷರ ಪತ್ರವನ್ನೂ ದಾಟಿ ಸೀದಾ 'ಮ್ಯಾನೇಜ್‌ಮೆಂಟ್ ಡಿಸ್ಕಶನ್ ಅಂಡ್ ಅನಾಲಿಸಿಸ್' ಭಾಗಕ್ಕೆ ಹೋಗುತ್ತೇನೆ. ವ್ಯಾಪಾರ ಹೇಗೆ ನಡೆಯಿತು, ಮುಂದೇನು ಎಂದು ಆಡಳಿತ ಮಂಡಳಿ ತನ್ನದೇ ಮಾತಿನಲ್ಲಿ ಹೇಳುವ ಭಾಗ ಇದು. ಆದರೆ ಒಂದೇ ವರ್ಷದ್ದನ್ನು ಓದುವುದಿಲ್ಲ. ಹಾಗೆ ಓದಿದರೆ ಎಲ್ಲ ಕಂಪನಿಯೂ ಒಳ್ಳೆಯದಾಗಿಯೇ ಕಾಣುತ್ತದೆ. ಬಿಎಸ್‌ಇ ವೆಬ್‌ಸೈಟಿನಲ್ಲಿ ಹಳೆಯ ವರದಿಗಳೂ ಸಿಗುತ್ತವೆ. ಮೂರ್ನಾಲ್ಕು ವರ್ಷದ್ದನ್ನು ಇಳಿಸಿಕೊಂಡು, ಈ ಭಾಗವನ್ನಷ್ಟೇ ಪಕ್ಕಪಕ್ಕ ತೆರೆದಿಟ್ಟು, ಹಳೆಯದರಿಂದ ಹೊಸದಕ್ಕೆ ಓದುತ್ತಾ ಬರುತ್ತೇನೆ.

ಇದರಲ್ಲಿ ಏನೇನಿರಬೇಕು ಎಂದು ಸೆಬಿಯ 2015ರ ಲಿಸ್ಟಿಂಗ್ ನಿಯಮ ಹೇಳುತ್ತದೆ. ಉದ್ಯಮದ ಸ್ಥಿತಿ, ಅವಕಾಶ ಮತ್ತು ಅಪಾಯ, ವಿಭಾಗವಾರು ಸಾಧನೆ, ಮುನ್ನೋಟ, ಹೀಗೆ. ಮೊದಲ ಎರಡು ಮೂರು ಪುಟ ಸಾಮಾನ್ಯವಾಗಿ ಜಗತ್ತಿನ ಆರ್ಥಿಕತೆ, ಭಾರತದ ಜಿಡಿಪಿ. ಅದನ್ನು ನಾನು ಹಾರಿಸಿಬಿಡುತ್ತೇನೆ. ಯಾವ ಕಂಪನಿಯ ವರದಿಯಲ್ಲಾದರೂ ಅದೇ ಇರುತ್ತೆ.

ಸುಮ್ನೆ ಹೇಳಿದರೆ ಗೊತ್ತಾಗುವುದಿಲ್ಲ, ಒಂದು ಉದಾಹರಣೆಯನ್ನೇ ಹೇಳುತ್ತೇನೆ. ನನ್ನ ಬಳಿ ಶೇರು ಇದ್ದ, ನೀರಿನ ಪಂಪ್ ಮಾಡುವ ಒಂದು ಮಧ್ಯಮ ಗಾತ್ರದ ಕಂಪನಿ. ಹೆಸರು ಬೇಡ, ಅಂಕಿಗಳನ್ನೂ ಗುರುತು ಸಿಗದಂತೆ ಸ್ವಲ್ಪ ಬದಲಿಸಿದ್ದೇನೆ.

2019-20ರ ವರದಿಯಲ್ಲಿ ಅವರು ಬರೆದದ್ದು: ಮೂರು ವರ್ಷದಲ್ಲಿ ರಫ್ತನ್ನು ಒಟ್ಟು ಮಾರಾಟದ ಶೇ. 30ಕ್ಕೆ ಒಯ್ಯುತ್ತೇವೆ. ಗುರಿಯೂ ಇದೆ, ಗಡುವೂ ಇದೆ. ಮುಂದಿನ ವರ್ಷ ಅದು 'ರಫ್ತಿಗೆ ನಾವು ಒತ್ತು ಕೊಡುತ್ತಿದ್ದೇವೆ' ಎಂದಾಯಿತು. ಗುರಿ ಮಾಯ, ಗಡುವು ಮಾಯ. ಅದರ ಮುಂದಿನ ವರ್ಷ ರಫ್ತು ಎಂಬ ಮಾತು ಉದ್ಯಮದ ಸಾಮಾನ್ಯ ವಿವರಣೆಯಲ್ಲಿ ಮಾತ್ರ ಇತ್ತು, ಕಂಪನಿಯ ಯೋಜನೆಯಲ್ಲಿ ಇರಲಿಲ್ಲ. ಅದೇ ವರ್ಷ ಹೊಸದೊಂದು ವಿಭಾಗ ಕಾಣಿಸಿಕೊಂಡಿತು: ಸರ್ಕಾರಿ ಕುಡಿಯುವ ನೀರಿನ ಯೋಜನೆಗಳ ಗುತ್ತಿಗೆ. ಪಂಪ್ ಮಾರುವ ಕಂಪನಿ ಪೈಪ್ ಹಾಕಿ ಯೋಜನೆ ಮುಗಿಸಿಕೊಡುವ ಕೆಲಸಕ್ಕೂ ಇಳಿದಿತ್ತು. ದಾರಿ ಬದಲಿಸುವುದು ತಪ್ಪಲ್ಲ. ರಫ್ತು ಯಾಕೆ ಆಗಲಿಲ್ಲ ಎಂದು ಎರಡು ಸಾಲು ಬರೆದಿದ್ದರೆ ನನಗೆ ಬೇಸರವೂ ಇರಲಿಲ್ಲ. ಒಂದು ಸಾಲೂ ಇರಲಿಲ್ಲ.

ಹಾಗಾಗಿ 2022-23ರ ವರದಿಯಲ್ಲಿ ನಾನು ಮೊದಲು ನೋಡಿದ್ದು ರೇಷಿಯೋಗಳ ಪಟ್ಟಿ. ಯಾವುದೇ ಮುಖ್ಯ ರೇಷಿಯೋ ಹಿಂದಿನ ವರ್ಷಕ್ಕಿಂತ ಶೇ. 25 ಅಥವಾ ಅದಕ್ಕಿಂತ ಜಾಸ್ತಿ ಬದಲಾದರೆ ಕಾರಣ ವಿವರಿಸಲೇಬೇಕು ಎಂಬ ನಿಯಮ 2019ರಿಂದ ಇದೆ. ಸಣ್ಣ ಅಕ್ಷರದ ಪುಟ್ಟ ಪಟ್ಟಿ, ಬಹಳ ಜನ ನೋಡುವುದೇ ಇಲ್ಲ. ನನಗೆ ಇಡೀ ಭಾಗದಲ್ಲಿ ಅತಿ ಇಷ್ಟದ ಜಾಗ ಅದು.

ಈ ಕಂಪನಿಯ ಮಾರಾಟ 520 ಕೋಟಿಯಿಂದ 600 ಕೋಟಿಗೆ ಏರಿತ್ತು. ಮುನ್ನೋಟದಲ್ಲಿ ಸಂಭ್ರಮವೋ ಸಂಭ್ರಮ. ಆದರೆ ಪಟ್ಟಿಯಲ್ಲಿ ಡೆಟರ್ಸ್ ಟರ್ನೋವರ್ 4.8ರಿಂದ 2.9ಕ್ಕೆ ಇಳಿದಿತ್ತು. 365ನ್ನು ಇದರಿಂದ ಭಾಗಿಸಿದರೆ ಮಾರಿದ ಮಾಲಿನ ಹಣ ಕೈಗೆ ಬರಲು ಎಷ್ಟು ದಿನ ಹಿಡಿಯುತ್ತದೆ ಎಂದು ಸಿಗುತ್ತದೆ. ಮೊದಲು 76 ದಿನ ಇದ್ದದ್ದು ಈಗ 126 ದಿನ. ಇದಕ್ಕೆ ಅವರು ಕೊಟ್ಟ ಕಾರಣ: 'ವರ್ಷದಲ್ಲಿ ಬಾಕಿದಾರರ ಮೊತ್ತ ಹೆಚ್ಚಾದ ಕಾರಣ.' ಜ್ವರ ಯಾಕೆ ಬಂತು ಅಂದರೆ ಮೈ ಬಿಸಿ ಆಗಿದ್ದಕ್ಕೆ ಅಂದ ಹಾಗೆ, ಅಲ್ವಾ? ಯಾರು ಕೊಡಬೇಕು, ಯಾಕೆ ಕೊಟ್ಟಿಲ್ಲ, ಯಾವಾಗ ಕೊಡುತ್ತಾರೆ, ಯಾವುದೂ ಇಲ್ಲ. ಇಂಥ ಸುತ್ತಿ ಬಳಸಿದ ಉತ್ತರ ಕಂಡರೆ ನಾನು ಅಲ್ಲೇ ಪೆನ್ಸಿಲ್ ಗುರುತು ಹಾಕುತ್ತೇನೆ.

ಆಮೇಲೆ ರಿಸ್ಕ್ ಭಾಗಕ್ಕೆ ಬಂದೆ. ಕಚ್ಚಾ ವಸ್ತುವಿನ ಬೆಲೆ, ವಿದೇಶಿ ವಿನಿಮಯ, ಪೈಪೋಟಿ. ಮೂರು ವರ್ಷದಿಂದ ಅದೇ ಮೂರು, ಅದೇ ಕ್ರಮ. Ctrl+F ಹಾಕಿ ಸರ್ಕಾರಿ ಬಾಕಿಯ ಮಾತು ಎಲ್ಲಾದರೂ ಇದೆಯಾ ಎಂದು ಹುಡುಕಿದೆ. ಇರಲಿಲ್ಲ. ವ್ಯಾಪಾರವೇ ಬದಲಾಗಿದೆ, ರಿಸ್ಕ್ ಮಾತ್ರ ಬದಲಾಗಿಲ್ಲ!

ಇಲ್ಲಿಂದ ಮುಂದೆ ಬರೀ ಮಾತು ಓದಿ ಪ್ರಯೋಜನವಿಲ್ಲ, ಬೇರೆ ಪುಟಗಳ ಜೊತೆ ತಾಳೆ ಹಾಕಬೇಕು. ಮೊದಲು ಆಡಿಟರ್ ವರದಿ. ಲಿಸ್ಟ್ ಆದ ಕಂಪನಿಗಳ ಆಡಿಟರ್ ತಮಗೆ ಜಾಸ್ತಿ ಗಮನ ಕೊಡಬೇಕಾಗಿ ಬಂದ ವಿಷಯಗಳನ್ನು 'ಕೀ ಆಡಿಟ್ ಮ್ಯಾಟರ್ಸ್' ಎಂದು ಬರೆಯಬೇಕು. ಇಲ್ಲಿ ಆಡಿಟರ್ ಬರೆದ ಮೊದಲ ವಿಷಯವೇ ಬಾಕಿ ವಸೂಲಿಯಾಗುತ್ತದೋ ಇಲ್ಲವೋ ಎಂಬುದು. ಆಡಿಟರ್‌ಗೆ ಅಷ್ಟು ದೊಡ್ಡದಾಗಿ ಕಂಡದ್ದು ಆಡಳಿತ ಮಂಡಳಿಯ ರಿಸ್ಕ್ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ನನ್ನ ಮಟ್ಟಿಗೆ ಪ್ರಾಮಾಣಿಕತೆ ಅಳೆಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಭಾಷೆ ಎಷ್ಟು ನಯವಾಗಿದೆ ಎನ್ನುವುದು ಆಮೇಲಿನ ಮಾತು.

ಎರಡನೆಯದು ಬಾಕಿಗಳ ವಯಸ್ಸಿನ ಪಟ್ಟಿ. 2021-22ರಿಂದ ಲೆಕ್ಕಪತ್ರದ ಟಿಪ್ಪಣಿಗಳಲ್ಲಿ ಇದನ್ನು ಕೊಡಬೇಕು: ಆರು ತಿಂಗಳೊಳಗಿನದ್ದು ಎಷ್ಟು, ಒಂದು ವರ್ಷ ದಾಟಿದ್ದು ಎಷ್ಟು, ಮೂರು ವರ್ಷ ದಾಟಿದ್ದು ಎಷ್ಟು ಎಂದು. ಒಟ್ಟು 264 ಕೋಟಿ ಬಾಕಿಯಲ್ಲಿ 60 ಕೋಟಿ ಒಂದು ವರ್ಷ ದಾಟಿತ್ತು. ಬಾರದೇ ಹೋಗಬಹುದು ಎಂದು ತೆಗೆದಿಟ್ಟ ಮೊತ್ತ ಬರೀ 3 ಕೋಟಿ. ಕೊನೆಗೆ ಕ್ಯಾಶ್ ಫ್ಲೋ: ಲಾಭ 40 ಕೋಟಿ ತೋರಿಸಿದ ವರ್ಷ ವ್ಯಾಪಾರದಿಂದ ಕೈಗೆ ಬಂದ ನಗದು 5 ಕೋಟಿ.

ಧಾಟಿಯ ಬಗ್ಗೆಯೂ ಒಂದು ಮಾತು. ಲಾಭ ಏರಿದ ವರ್ಷ 'ನಮ್ಮ ತಂಡ', 'ನಮ್ಮ ದೂರದೃಷ್ಟಿ' ಎನ್ನುವವರು ಇಳಿದ ವರ್ಷ ಮಳೆ, ಯುದ್ಧ, ಉಕ್ಕಿನ ಬೆಲೆ ಎನ್ನುತ್ತಾರೆ. ಅದು ನೆಪವೋ ನಿಜವೋ ತಿಳಿಯಲು ಅದೇ ವರ್ಷದ, ಅದೇ ಮಾಲು ಮಾಡುವ ಇನ್ನೊಂದು ಕಂಪನಿಯ ವರದಿ ತೆಗೆಯುತ್ತೇನೆ. ಉಕ್ಕಿನ ಬೆಲೆ ಇಬ್ಬರಿಗೂ ಏರಿರುತ್ತದೆ. ಒಬ್ಬರ ಮಾರ್ಜಿನ್ ಮಾತ್ರ ಕುಸಿದಿದ್ದರೆ ಕಾರಣ ಉಕ್ಕಲ್ಲ.

ಆದರೆ ಪದ ಬದಲಾದದ್ದಕ್ಕೆಲ್ಲ ಅರ್ಥ ಹಚ್ಚಲು ಹೋಗಬಾರದು. ಎಷ್ಟೋ ಕಂಪನಿಗಳು ಈ ಭಾಗವನ್ನು ಹೊರಗಿನ ಏಜೆನ್ಸಿಯಿಂದ ಬರೆಸುತ್ತವೆ. ಆ ವರ್ಷ ವರದಿಯ ವಿನ್ಯಾಸ, ಬಣ್ಣ, ಶೀರ್ಷಿಕೆಗಳೆಲ್ಲ ಒಟ್ಟಿಗೆ ಬದಲಾಗಿದ್ದರೆ ಭಾಷೆ ಬದಲಾದದ್ದಕ್ಕೂ ಅದೇ ಕಾರಣವಿರಬಹುದು. ಹಾಗಾಗಿ ನಾನು ವಿಶೇಷಣಗಳನ್ನು ಬಿಟ್ಟು ಗುರಿ, ಅಂಕಿ, ಗಡುವು ಇವನ್ನಷ್ಟೇ ಹಿಂಬಾಲಿಸುತ್ತೇನೆ. ಅವು ಏಜೆನ್ಸಿ ಬದಲಾಯಿತೆಂದು ಮಾಯವಾಗುವುದಿಲ್ಲ. ಇನ್ನು ಕೆಲವು ಒಳ್ಳೆಯ ಕಂಪನಿಗಳು ವಕೀಲರಿಗೆ ಹೆದರಿ ನೀರಸವಾಗಿ ಬರೆಯುತ್ತವೆ, ಅದು ದೋಷವಲ್ಲ. ಇನ್ಫೋಸಿಸ್, ವಿಪ್ರೋದಂಥ ಅಮೆರಿಕದಲ್ಲೂ ಲಿಸ್ಟ್ ಆದ ಕಂಪನಿಗಳಾದರೆ ನಮಗೆ ಇನ್ನೊಂದು ಅನುಕೂಲ ಇದೆ. ಅವು ಅಲ್ಲಿ ಸಲ್ಲಿಸುವ Form 20-F ಎಂಬ ವರದಿಯಲ್ಲಿ ರಿಸ್ಕ್‌ಗಳನ್ನು ಪುಟಗಟ್ಟಲೆ ಬಿಡಿಸಿ ಬರೆದಿರುತ್ತವೆ. ಎರಡನ್ನೂ ಪಕ್ಕದಲ್ಲಿಟ್ಟು ಓದಬಹುದು.

ಪಂಪ್ ಕಂಪನಿಯ ವಾರ್ಷಿಕ ಮಹಾಸಭೆ ವಿಡಿಯೋದಲ್ಲಿ ನಡೆಯಿತು. ಮಾತಾಡಬೇಕೆಂದರೆ ಕೆಲವು ದಿನ ಮೊದಲೇ ಮೇಲ್ ಕಳಿಸಿ ಹೆಸರು ನೋಂದಾಯಿಸಬೇಕು. ನೋಂದಾಯಿಸಿ ಎರಡೇ ಪ್ರಶ್ನೆ ಕೇಳಿದೆ: ಒಂದು ವರ್ಷ ದಾಟಿದ 60 ಕೋಟಿ ಯಾರಿಂದ ಬರಬೇಕು? ಶೇ. 30 ರಫ್ತಿನ ಗುರಿ ಇನ್ನೂ ಇದೆಯಾ? ಮೊದಲನೆಯದಕ್ಕೆ 'ಎಲ್ಲ ಸರ್ಕಾರಿ ಹಣ ಸಾರ್, ಮುಳುಗುವುದಿಲ್ಲ, ತಡ ಅಷ್ಟೆ' ಎಂದರು. ಎರಡನೆಯದಕ್ಕೆ ಉತ್ತರವನ್ನು ಪ್ರತ್ಯೇಕವಾಗಿ ಮೇಲ್ ಮಾಡುತ್ತೇವೆ ಎಂದರು. ಮೇಲ್ ಬರಲಿಲ್ಲ. ನಾನು ಅರ್ಧ ಶೇರು ಮಾರಿದೆ. ಮುಂದಿನ ವರ್ಷದ ವರದಿಯಲ್ಲಿ ರಿಸ್ಕ್ ಪಟ್ಟಿಗೆ ನಾಲ್ಕನೆಯದೊಂದು ಸೇರಿತ್ತು: 'ಸರ್ಕಾರಿ ಯೋಜನೆಗಳಲ್ಲಿ ಪಾವತಿ ವಿಳಂಬ.' ಉಳಿದ ಅರ್ಧವನ್ನು ಇನ್ನೂ ಇಟ್ಟುಕೊಂಡಿದ್ದೇನೆ, ವಯಸ್ಸಿನ ಪಟ್ಟಿ ನೋಡುತ್ತಾ.