ಬೆಳಗಿನ ಬಿಸಿಲಿಗೆ ಯಾವಾಗ ಹೋಗಬಾರದು: ಏಳು ಗಂಟೆ ಮುಂದಿರುವ ಊರಿನ ಮ್ಯಾರಥಾನ್‌ಗೆ ನಾನು ಹೊಂದಿಕೊಂಡ ಬಗೆ

ವಿದೇಶದಲ್ಲಿ ನಾನು ಓಡಿದ ಮೊದಲ ಮ್ಯಾರಥಾನ್ ನಾನಿರುವ ಊರಿನ ಗಡಿಯಾರಕ್ಕಿಂತ ಏಳು ಗಂಟೆ ಮುಂದಿರುವ ಊರಿನಲ್ಲಿತ್ತು. ರೇಸ್ ಭಾನುವಾರ ಬೆಳಗ್ಗೆ 7ಕ್ಕೆ. ನಾನು ಇಳಿದದ್ದು ಗುರುವಾರ ರಾತ್ರಿ. ಜೆಟ್ ಲ್ಯಾಗ್ ಬಗ್ಗೆ ನನಗೆ ಗೊತ್ತಿದ್ದದ್ದು ಒಂದೇ ಮಾತು: "ಹೋದ ತಕ್ಷಣ ಅಲ್ಲಿನ ಸಮಯಕ್ಕೆ ಬಂದುಬಿಡಿ, ಬೆಳಗ್ಗೆ ಎದ್ದು ಬಿಸಿಲಿಗೆ ಹೋಗಿ." ಶುಕ್ರವಾರ ಬೆಳಗ್ಗೆ 6ಕ್ಕೆ ಅಲಾರಂ ಇಟ್ಟು ಎದ್ದೆ. ಒಂದು ಗಂಟೆ ಒಳ್ಳೆಯ ಬಿಸಿಲಿನಲ್ಲಿ ಓಡಿದೆ. ಶನಿವಾರವೂ ಅದನ್ನೇ ಮಾಡಿದೆ.

ಶುಕ್ರವಾರ ರಾತ್ರಿ ನಿದ್ದೆ ಹತ್ತಿದ್ದು ಬೆಳಗಿನ ಜಾವ 3ಕ್ಕೆ. ಶನಿವಾರ ರಾತ್ರಿ ನಿದ್ದೆಯೇ ಬರಲಿಲ್ಲ. ರೇಸ್‌ನಲ್ಲಿ ಕಾಲು ನೋಯುತ್ತಿರಲಿಲ್ಲ, ಉಸಿರೂ ಸರಿಯಾಗಿತ್ತು, ಆದರೆ 10 ಕಿಲೋಮೀಟರ್ ಆದ ಮೇಲೆ ವೇಗ ಹೆಚ್ಚಿಸಲು ಹೋದರೆ ದೇಹ ಕೇಳಲೇ ಇಲ್ಲ. ಅಂದುಕೊಂಡಿದ್ದಕ್ಕಿಂತ 22 ನಿಮಿಷ ತಡವಾಗಿ ಮುಗಿಸಿದೆ. ನಾಲ್ಕು ತಿಂಗಳ ತಯಾರಿ ಹೀಗಾಯಿತಲ್ಲ ಎಂದು ತುಂಬಾ ನೋವಾಯಿತು.

ವಾಪಸ್ ಬಂದ ಮೇಲೆ, ನನಗಿಂತ ಹಿರಿಯ ಓಟಗಾರರೊಬ್ಬರಿಗೆ ಇದನ್ನೆಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ನೀವು ಬಿಸಿಲಿಗೆ ಹೋದಾಗ ನಿಮ್ಮ ದೇಹಕ್ಕೆ ಗಂಟೆ ಎಷ್ಟಾಗಿತ್ತು?" ಲೆಕ್ಕ ಹಾಕಿದೆ. ಅಲ್ಲಿನ ಬೆಳಗ್ಗೆ 6 ಅಂದ್ರೆ ನನ್ನ ದೇಹಕ್ಕೆ ರಾತ್ರಿ 11. ಮಲಗುವ ಹೊತ್ತಿಗೆ ಮುಖಕ್ಕೆ ಬಿಸಿಲು ಹಿಡಿದ ಹಾಗಾಗಿತ್ತು. ಎರಡನೇ ಸಲದ ನನ್ನ ಯೋಜನೆಯೆಲ್ಲ ಹುಟ್ಟಿದ್ದು ಆ ಪ್ರಶ್ನೆಯಿಂದಲೇ.

ವಿಷಯ ಇಷ್ಟು. ಒಂದು ದಿನದಲ್ಲಿ ನಮ್ಮ ದೇಹದ ಬಿಸಿ ಸಣ್ಣದಾಗಿ ಏರಿಳಿಯುತ್ತದೆ. ಅದು ಅತಿ ಕಡಿಮೆ ಇರುವುದು, ನಾವು ದಿನಾ ತಾನಾಗಿ ಏಳುವ ಹೊತ್ತಿಗಿಂತ ಸುಮಾರು ಎರಡರಿಂದ ಮೂರು ಗಂಟೆ ಮೊದಲು. ನಾನು ಇದನ್ನು 'ತಳದ ಹೊತ್ತು' ಎಂದು ಕರೆಯುತ್ತೇನೆ. ಈ ತಳದ ಹೊತ್ತಿನ ನಂತರ ಬೀಳುವ ಬೆಳಕು ದೇಹದ ಗಡಿಯಾರವನ್ನು ಮುಂದಕ್ಕೆ ತಳ್ಳುತ್ತದೆ, ಅಂದರೆ ಮರುದಿನ ಬೇಗ ನಿದ್ದೆ ಬರುತ್ತದೆ, ಬೇಗ ಎಚ್ಚರವಾಗುತ್ತದೆ. ತಳಕ್ಕೆ ಮೊದಲು ಬೀಳುವ ಬೆಳಕು ಇದಕ್ಕೆ ಸರಿಯಾಗಿ ಉಲ್ಟಾ, ಗಡಿಯಾರವನ್ನು ಹಿಂದಕ್ಕೆ ಎಳೆಯುತ್ತದೆ. ತಳಕ್ಕೆ ಹತ್ತಿರವಾದಷ್ಟೂ ಈ ಪರಿಣಾಮ ಜೋರು. ನಡುಹಗಲಿನ ಬೆಳಕಿನಿಂದ ಹೆಚ್ಚೇನೂ ಆಗುವುದಿಲ್ಲ.

ನಾನು ರಾತ್ರಿ 10ಕ್ಕೆ ಮಲಗಿ 6ಕ್ಕೆ ಏಳುವವನು. ನನ್ನ ತಳದ ಹೊತ್ತು ಸುಮಾರು 3.30. ಏಳು ಗಂಟೆ ಸೇರಿಸಿದರೆ ಆ ಊರಿನ ಗಡಿಯಾರದಲ್ಲಿ ಬೆಳಗ್ಗೆ 10.30. ಮೊದಲ ಸಲ 10.30ಕ್ಕಿಂತ ಮುಂಚಿನ ಬಿಸಿಲೆಲ್ಲ ನನ್ನನ್ನು ತಪ್ಪು ದಿಕ್ಕಿಗೆ ಎಳೆದಿತ್ತು. ಸುಮ್ನೆ ಪರದೆ ಎಳೆದು ಕೋಣೆಯಲ್ಲಿ ಮಲಗಿದ್ದರೂ ಅದಕ್ಕಿಂತ ಚೆನ್ನಾಗಿರುತ್ತಿತ್ತು.

ಎರಡು ವರ್ಷದ ನಂತರ ಅಷ್ಟೇ ಅಂತರದ ಇನ್ನೊಂದು ಊರಿನಲ್ಲಿ ಓಡಿದೆ. ಅಲ್ಲೂ ಭಾನುವಾರ ಬೆಳಗ್ಗೆ 7ಕ್ಕೇ ಶುರು. ಈ ಸಲ ಮಾಡಿದ ಮೊದಲ ಬದಲಾವಣೆ, ಬುಧವಾರ ಮಧ್ಯಾಹ್ನವೇ ಅಲ್ಲಿ ಇಳಿಯುವ ಟಿಕೆಟ್. ಪೂರ್ವಕ್ಕೆ ಹೋದಾಗ ದೇಹ ದಿನಕ್ಕೆ ಹೆಚ್ಚೂಕಡಿಮೆ ಒಂದು ಗಂಟೆಯಷ್ಟೇ ಸರಿಯುತ್ತದೆ. ಏಳು ಗಂಟೆಗೆ ಏಳು ದಿನ ಬೇಕು. ಅಷ್ಟು ರಜೆ ನನಗೆ ಸಿಗುವುದಿಲ್ಲ. ಹಾಗಾಗಿ ಸ್ವಲ್ಪ ಕೆಲಸವನ್ನು ಮನೆಯಲ್ಲೇ ಮುಗಿಸಿಕೊಂಡು ಹೋಗುವುದು ಎಂದು ತೀರ್ಮಾನಿಸಿದೆ.

ಹೊರಡುವ ಮೊದಲಿನ ಮೂರು ರಾತ್ರಿ, ಅಂದರೆ ಶನಿವಾರ, ಭಾನುವಾರ, ಸೋಮವಾರ, ದಿನಾ 45 ನಿಮಿಷ ಬೇಗ ಮಲಗಿದೆ. 9.15, ಆಮೇಲೆ 8.30, ಆಮೇಲೆ 7.45. ಏಳುವುದೂ ಅಷ್ಟಷ್ಟೇ ಬೇಗ. ಕೊನೆಯ ದಿನ 3.45ಕ್ಕೆ ಎದ್ದೆ. ಬೇಗ ಮಲಗುವುದಕ್ಕಿಂತ ಬೇಗ ಎದ್ದು ಬೆಳಕಿನಲ್ಲಿ ಕೂರುವುದು ಮುಖ್ಯ. ಆ ಹೊತ್ತಿಗೆ ಹೊರಗೆ ಕತ್ತಲು. ಅದಕ್ಕೆ 10,000 ಲಕ್ಸ್‌ನಷ್ಟು ಪ್ರಖರ ಬೆಳಕು ಕೊಡುವ ದೀಪವನ್ನು ಮುಖದಿಂದ ಒಂದು ಮೊಳ ದೂರದಲ್ಲಿ ಇಟ್ಟುಕೊಂಡು ಅರ್ಧ ಗಂಟೆ ಕೂತೆ. ಕಣ್ಣಿನ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇದನ್ನು ಬಳಸಬಾರದು. ಸಂಜೆ ಆರರ ನಂತರ ಮನೆಯ ದೀಪಗಳನ್ನು ಮಂದ ಮಾಡಿ ಫೋನ್ ಪಕ್ಕಕ್ಕಿಟ್ಟೆ. ದಿನಕ್ಕೆ 45 ನಿಮಿಷಕ್ಕಿಂತ ಜಾಸ್ತಿ ಎಳೆಯಲು ನಾನು ಹೋಗಲಿಲ್ಲ. ಅದಕ್ಕೂ ಒಂದು ತಿಂಗಳು ಮೊದಲು, ಅಭ್ಯಾಸಕ್ಕೆಂದು ಒಂದೂವರೆ ಗಂಟೆ ಎಳೆದು ನೋಡಿದ್ದೆ. ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡು ಬಿದ್ದಿದ್ದೆ, ಬೆಳಗ್ಗೆ ಅಲಾರಂ ಮಾತ್ರ ಬೇಗ ಹೊಡೆಯಿತು. ಅದರಲ್ಲಿ ಗಡಿಯಾರ ಸರಿಯಲಿಲ್ಲ, ನಿದ್ದೆ ಕಡಿಮೆಯಾಯಿತು ಅಷ್ಟೇ.

ಮೂರು ದಿನಕ್ಕೆ ಒಟ್ಟು ಎರಡೂಕಾಲು ಗಂಟೆ ಸರಿದಿತ್ತು. ತಳದ ಹೊತ್ತು 3.30ರಿಂದ 1.15ಕ್ಕೆ ಬಂತು. ಅಲ್ಲಿನ ಗಡಿಯಾರದಲ್ಲಿ ಅದು 8.15.

ಇಲ್ಲಿ ತರಬೇತಿಯ ಮಾತು ಬರುತ್ತದೆ. ಕೊನೆಯ ವಾರ ಹೇಗೂ ಟೇಪರ್, ಓಟ ಕಡಿಮೆ. ಮೊದಲ ಸಲ ನಾನು ರೇಸ್ ವೇಗದ ಕೊನೆಯ ಅಭ್ಯಾಸವನ್ನು ಅಲ್ಲಿಗೆ ಹೋದ ಮೇಲೆ ಇಟ್ಟುಕೊಂಡಿದ್ದೆ. ನಿದ್ದೆಗೆಟ್ಟ ದೇಹದಲ್ಲಿ ಆ ವೇಗ ಭಾರವಾಗಿ, ಮನಸ್ಸೂ ಕುಗ್ಗಿತ್ತು. ಈ ಸಲ ಅದನ್ನು ಹೊರಡುವ ಹಿಂದಿನ ದಿನ, ಸೋಮವಾರವೇ ಮುಗಿಸಿದೆ: 2 ಕಿಲೋಮೀಟರ್ ನಿಧಾನ, ರೇಸ್ ವೇಗದಲ್ಲಿ ಒಂದೂವರೆ ಕಿಲೋಮೀಟರ್‌ನಂತೆ ಮೂರು ಸಲ, ಮತ್ತೆ 2 ಕಿಲೋಮೀಟರ್ ನಿಧಾನ. ಅಲ್ಲಿಗೆ ಹೋದ ಮೇಲೆ ಈಸಿ ರನ್ ಬಿಟ್ಟು ಬೇರೇನನ್ನೂ ಇಟ್ಟುಕೊಳ್ಳಲಿಲ್ಲ. ಆ ದಿನಗಳಲ್ಲಿ ಓಟ ಅನ್ನೋದು ಸರಿಯಾದ ಹೊತ್ತಿಗೆ ಬೆಳಕಿನಲ್ಲಿ ಇರಲು ಒಂದು ನೆಪ ಅಷ್ಟೇ.

ವಿಮಾನ ಹತ್ತಿದ್ದು ಮಂಗಳವಾರ ರಾತ್ರಿ. ಕೈಗಡಿಯಾರವನ್ನು ಕೂತ ತಕ್ಷಣ ಅಲ್ಲಿನ ಸಮಯಕ್ಕೆ ತಿರುಗಿಸಿದೆ. ಆ ಗಡಿಯಾರದಲ್ಲಿ 8.45 ಆಗುವವರೆಗೆ ಕಣ್ಣಿನ ಪಟ್ಟಿ ತೆಗೆಯಲಿಲ್ಲ. ನಿದ್ದೆ ಬಿಟ್ಟು ಬಿಟ್ಟು ಬಂತು, ಆದರೂ ಪಟ್ಟಿ ಹಾಗೇ ಇತ್ತು. ಆಮೇಲೆ ಕಿಟಕಿ ಎತ್ತಿ ಬೆಳಕಿನ ಕಡೆ ಮುಖ ಮಾಡಿ ಕೂತೆ. ಗಂಟೆಗೊಮ್ಮೆ ಎದ್ದು ಓಡಾಡಿದೆ. ಬಾಯಾರಿದಾಗೆಲ್ಲ ನೀರು ಕುಡಿದೆ.

ಗುರುವಾರಕ್ಕೆ ತಳದ ಹೊತ್ತು 7.15ರ ಸುಮಾರಿಗೆ ಬಂದಿರಬಹುದು ಎಂದು ಲೆಕ್ಕ. ಈ ಲೆಕ್ಕ ನಿಮಿಷಕ್ಕೆ ಸರಿಯಾಗಿ ಇರುವುದಿಲ್ಲ, ಅದಕ್ಕೆ ನಾನು ಯಾವಾಗಲೂ ಅರ್ಧ ಗಂಟೆ ಹೆಚ್ಚಿಗೆ ಬಿಟ್ಟುಕೊಳ್ಳುತ್ತೇನೆ. 5ಕ್ಕೇ ಎಚ್ಚರವಾಯಿತು. ಎದ್ದು ಹೊರಗೆ ಹೋಗಬೇಕು ಅನಿಸಿತು. ಹೋಗಲಿಲ್ಲ. ಪರದೆ ಮುಚ್ಚಿಕೊಂಡು ಕತ್ತಲಲ್ಲೇ 7.45ರವರೆಗೆ ಮಲಗಿದ್ದೆ. ತಿಂಡಿಗೆ ಹೋಗುವಾಗ ಕಪ್ಪು ಕನ್ನಡಕ ಹಾಕಿಕೊಂಡೆ. 8.30ಕ್ಕೆ ಕನ್ನಡಕ ತೆಗೆದು 35 ನಿಮಿಷ ನಿಧಾನವಾಗಿ ಓಡಿದೆ, ಆಮೇಲೂ ಒಂದು ಗಂಟೆ ಹೊರಗೇ ಇದ್ದೆ. ಶುಕ್ರವಾರ ತಳ 6.15ರ ಹತ್ತಿರ. 7.30ಕ್ಕೆ 40 ನಿಮಿಷ ಓಟ, ಕೊನೆಯಲ್ಲಿ ನಾಲ್ಕು ಸ್ಟ್ರೈಡ್ಸ್, ಅಂದರೆ ಕೆಲವೇ ಸೆಕೆಂಡುಗಳ ಚುರುಕು ಓಟ. ಶನಿವಾರ 5.15. ಅವತ್ತು 7ಕ್ಕೆ, ರೇಸ್ ಶುರುವಾಗುವ ಹೊತ್ತಿಗೇ, 20 ನಿಮಿಷ ಓಡಿದೆ. ನೋಡಿ, ಓಟದ ಹೊತ್ತು ದಿನದಿಂದ ದಿನಕ್ಕೆ ಬೇಗ ಆಗುತ್ತಾ ತಾನಾಗಿ ರೇಸ್‌ನ ಹೊತ್ತಿಗೆ ಬಂದು ನಿಂತಿತು.

ಲೆಕ್ಕ ಸರಿ ಹೋಗುತ್ತಿದೆಯಾ ಎಂದು ಹೇಗೆ ತಿಳಿಯುವುದು? ನಾನು ನೋಡುವುದು ಎರಡು ವಿಷಯ. ಒಂದು, ಕಾರಣವಿಲ್ಲದೆ ಮೈ ತಣ್ಣಗಾಗಿ ಕಣ್ಣು ಎಳೆಯುವ ಹೊತ್ತು ಯಾವುದು ಎಂಬುದು. ಅದು ತಳದ ಆಸುಪಾಸಿನಲ್ಲಿ ಬರುತ್ತದೆ. ಗುರುವಾರ ಅದು ಬೆಳಗ್ಗೆ 7ರ ಸುಮಾರಿಗೆ ಬಂತು, ಶನಿವಾರ ಆ ಹೊತ್ತಿಗೆ ಮೈ ಹಗುರವಾಗಿತ್ತು. ಇನ್ನೊಂದು, ಸಂಜೆ ತಾನಾಗಿ ಆಕಳಿಕೆ ಬರುವ ಹೊತ್ತು. ಅದು ದಿನದಿಂದ ದಿನಕ್ಕೆ ಬೇಗ ಬರುತ್ತಾ ಹೋದರೆ ದಿಕ್ಕು ಸರಿ ಇದೆ. ತಡವಾಗುತ್ತಾ ಹೋದರೆ, ಬೆಳಗ್ಗೆ ತೀರಾ ಬೇಗ ಬೆಳಕಿಗೆ ಹೋಗುತ್ತಿದ್ದೀರಿ ಎಂದರ್ಥ.

ಮಧ್ಯಾಹ್ನ ನಿದ್ದೆ ಎಳೆದಾಗ 25 ನಿಮಿಷಕ್ಕೆ ಅಲಾರಂ ಇಟ್ಟು ಮಲಗಿದೆ, 3 ಗಂಟೆಯ ನಂತರ ಮಲಗಲಿಲ್ಲ. ಕಾಫಿ ಮಧ್ಯಾಹ್ನ 12ಕ್ಕೆ ನಿಲ್ಲಿಸಿದೆ. ಕುಡಿದ ಕೆಫೀನ್‌ನಲ್ಲಿ ಅರ್ಧ ಕಡಿಮೆಯಾಗಲಿಕ್ಕೇ ಸುಮಾರು ಐದು ಗಂಟೆ ಬೇಕು, ಅಲ್ವಾ. ರಾತ್ರಿಯಾಯಿತೆಂದು ದೇಹಕ್ಕೆ ತಿಳಿಸುವ ಹಾರ್ಮೋನ್ ಮೆಲಟೋನಿನ್. ವೈದ್ಯರು ಬರೆದುಕೊಟ್ಟ ಅದರ 1 ಮಿಲಿಗ್ರಾಂ ಮಾತ್ರೆಯನ್ನು ಅಲ್ಲಿ ಮೂರು ರಾತ್ರಿ ಮಲಗುವ ಹೊತ್ತಿಗೆ ತೆಗೆದುಕೊಂಡೆ. ಮನೆಯಲ್ಲಿ ಮೊದಲೇ ಒಂದು ಸಲ ತೆಗೆದುಕೊಂಡು ನೋಡಿದ್ದೆ. ಕೆಲವು ದೇಶಗಳಲ್ಲಿ ಇದಕ್ಕೆ ಚೀಟಿ ಬೇಕು, ಅದನ್ನು ಜೊತೆಗೆ ಇಟ್ಟುಕೊಳ್ಳಿ. ನಿದ್ದೆ ಮಾತ್ರೆ ನಾನು ಮುಟ್ಟುವುದಿಲ್ಲ. ಅದು ಮಂಕು ಬರಿಸುತ್ತದೆ, ಗಡಿಯಾರವನ್ನು ಸರಿಸುವುದಿಲ್ಲ.

ಈ ಇಡೀ ಲೆಕ್ಕ ಪೂರ್ವಕ್ಕೆ ಹೋಗುವವರಿಗೆ. ಪಶ್ಚಿಮಕ್ಕೆ ಹೋದರೆ ಎಲ್ಲವೂ ತಿರುವುಮುರುವು: ಸಂಜೆ ಬೆಳಕಿನಲ್ಲಿರಬೇಕು, ತಡವಾಗಿ ಮಲಗಬೇಕು. ಹೆಚ್ಚಿನವರ ದೇಹದ ದಿನ 24 ಗಂಟೆಗಿಂತ ತುಸು ಉದ್ದ, ಹಾಗಾಗಿ ಆ ಕಡೆ ಸರಿಯುವುದು ಸುಲಭ. ಅಲ್ಲಿ ಬೆಳಗಿನ ರೇಸ್ ಇದ್ದರೆ, ಅಂತರ ನಾಲ್ಕೈದು ಗಂಟೆಯದ್ದಾದರೆ, ನಾನು ಪೂರ್ತಿ ಹೊಂದಿಕೊಳ್ಳಲು ಹೋಗುವುದೇ ಇಲ್ಲ. ಬೆಳಗಿನ ಜಾವ 3ಕ್ಕೆ ತಾನಾಗಿ ಎಚ್ಚರವಾಗುವುದು 7ರ ರೇಸ್‌ಗೆ ಅನುಕೂಲವೇ. ಇನ್ನು ಪೂರ್ವಕ್ಕೆ ಒಂಬತ್ತು ಹತ್ತು ಗಂಟೆ ದಾಟಿದರೆ, ಗಡಿಯಾರವನ್ನು ಮುಂದಕ್ಕೆ ತಳ್ಳುವುದಕ್ಕಿಂತ ಹಿಂದಕ್ಕೆ ಎಳೆದುಕೊಂಡು ಸುತ್ತಿ ಬರುವುದು ಹಗುರ.

ಭಾನುವಾರ 4.15ಕ್ಕೆ ಎದ್ದೆ. ಹಿಂದಿನ ರಾತ್ರಿ ಆರು ಗಂಟೆ ನಿದ್ದೆಯಾಗಿತ್ತು. 7ಕ್ಕೆ ಓಟ ಶುರುವಾದಾಗ ನನ್ನ ದೇಹಕ್ಕೆ ಮನೆಯ ಬೆಳಗ್ಗೆ 6.15 ಆಗಿತ್ತು, ದಿನಾ ನಾನು ಓಡಲು ಹೊರಡುವ ಹೊತ್ತು. 30ನೇ ಕಿಲೋಮೀಟರ್‌ನಲ್ಲೂ ವೇಗ ಕೇಳಿದರೆ ಕಾಲು ಕೊಟ್ಟವು. ಅಂದುಕೊಂಡ ಸಮಯಕ್ಕಿಂತ 2 ನಿಮಿಷ ತಡವಾಯಿತು. ಅದಕ್ಕೆ ಕಾರಣ ನಿದ್ದೆ ಅಲ್ಲ, ಹೊಟ್ಟೆ. ಬೆಳಗ್ಗೆ ಮಲವಿಸರ್ಜನೆ ಆಗದೆ ಹೊರಟಿದ್ದೆ, 18ನೇ ಕಿಲೋಮೀಟರ್‌ನಲ್ಲಿ ನಿಲ್ಲಬೇಕಾಯಿತು. ಜೀರ್ಣಾಂಗಗಳ ಗಡಿಯಾರ ಬೆಳಕಿಗಿಂತ ಊಟದ ಹೊತ್ತಿಗೆ ಹೆಚ್ಚು ಕಿವಿಗೊಡುತ್ತದೆ. ನಾನು ಮನೆಯಲ್ಲಿ ಮೂರು ದಿನ ನಿದ್ದೆ ಸರಿಸಿದ್ದೆ, ಆದರೆ ಊಟವನ್ನು ಹಳೇ ಹೊತ್ತಿಗೇ ಮಾಡಿದ್ದೆ. ಮುಂದಿನ ಸಲ ರಾತ್ರಿ ಊಟವನ್ನೂ ಬೆಳಗಿನ ತಿಂಡಿಯನ್ನೂ ನಿದ್ದೆಯ ಜೊತೆಗೇ ದಿನಕ್ಕೆ 45 ನಿಮಿಷ ಬೇಗ ತರುತ್ತೇನೆ.