ಮಳೆ ಲೆಕ್ಕದ ಪಕ್ಕದಲ್ಲಿ ಐದು ಸಾಲು: ದಿನಚರಿ ಬರೆದ ನನ್ನ ಅನುಭವ

ಕೊಡಗಿನಲ್ಲಿ ಇರುವವರು ದಿನಚರಿಯನ್ನು ಜನವರಿ 1ಕ್ಕೆ ಶುರು ಮಾಡದಿರುವುದೇ ಒಳ್ಳೆಯದು. ಆ ಹೊತ್ತಿಗೆ ತೋಟದಲ್ಲಿ ಕಾಫಿ ಕುಯ್ಲು ಬಿರುಸಾಗಿರುತ್ತದೆ. ಸಂಜೆಯಾದರೆ ಹಣ್ಣಿನ ತೂಕ, ಕೂಲಿ ಲೆಕ್ಕ, ಕಣದಲ್ಲಿ ಹರಡಿದ ಕಾಫಿಯನ್ನು ರಾಶಿ ಮಾಡಿ ಮುಚ್ಚುವ ಕೆಲಸ. ಇದೆಲ್ಲ ಮುಗಿದ ಮೇಲೆ ಹೊಸ ಡೈರಿ ತೆರೆದರೆ ನಾಲ್ಕು ದಿನ ಬರೆಯಬಹುದು, ಐದನೇ ದಿನ ಅದರ ಮೇಲೆ ತೂಕದ ಚೀಟಿ ಕೂರುತ್ತದೆ. ನಾನು ಶುರು ಮಾಡಿದ್ದು ಜುಲೈ ಮೊದಲ ವಾರದಲ್ಲಿ. ಮಳೆಗಾಲಕ್ಕೆ ಅದರದ್ದೇ ಕಾಟಗಳಿವೆ: ತೇವ, ಬೂಸಲು, ಕರೆಂಟ್ ಇಲ್ಲದ ರಾತ್ರಿಗಳು. ಆದರೆ ಅವಕ್ಕೆ ಪರಿಹಾರ ಇದೆ, ಜನವರಿಯ ದಣಿವಿಗೆ ಇಲ್ಲ.

ಇಲ್ಲಿನ ಎಷ್ಟೋ ತೋಟದ ಮನೆಗಳಲ್ಲಿ ಮಳೆಮಾಪಕ ಇರುತ್ತದೆ, ಪಕ್ಕದಲ್ಲಿ ಒಂದು ಪುಸ್ತಕವೂ ಇರುತ್ತದೆ. ಮಳೆಯನ್ನು ನಾವು ಈಗಲೂ ಇಂಚು, ಸೆಂಟಿನಲ್ಲಿ ಹೇಳುತ್ತೇವೆ. 100 ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಒಂದು ಇಂಚು 85 ಸೆಂಟು ಬಿದ್ದರೆ ಪುಸ್ತಕದಲ್ಲಿ 1-85. ಜೀವಮಾನದಲ್ಲಿ ಒಂದು ಡೈರಿಯನ್ನೂ ಮುಗಿಸದವರು ಈ ಮಳೆ ಪುಸ್ತಕವನ್ನು ಮಾತ್ರ ವರ್ಷಗಟ್ಟಲೆ ತಪ್ಪದೆ ಬರೆಯುತ್ತಾರೆ. ಏಕೆಂದರೆ ಅದಕ್ಕೆ ಹೊತ್ತು ಗೊತ್ತಾಗಿದೆ. ಬರೆಯಬೇಕಾದದ್ದು ಒಂದೇ ಅಂಕಿ. ಮಳೆ ಬಾರದ ದಿನ ಸೊನ್ನೆ ಬರೆದರೂ ಆ ದಿನದ ಕೆಲಸ ಮುಗಿದಂತೆ, ‘ಇವತ್ತು ಬರೆಯುವಂಥದ್ದು ಏನೂ ಆಗಲಿಲ್ಲ’ ಎಂಬ ಮಾತೇ ಅಲ್ಲಿಲ್ಲ. ದಿನಚರಿಗೆ ನಾನು ಹಿಡಿದದ್ದು ಈ ಪುಸ್ತಕದ ಕ್ರಮವನ್ನೇ.

ಹಾಗಾಗಿ ಬರೆಯುವ ಹೊತ್ತು ರಾತ್ರಿಯಲ್ಲ, ಬೆಳಿಗ್ಗೆ. ಮಾಪಕ ನೋಡಿ ಒಳಗೆ ಬಂದು, ಬೆಲ್ಲದ ಕಾಫಿ ಕುಡಿಯುತ್ತಾ ಮಳೆಯ ಅಂಕಿಯ ಕೆಳಗೇ ಐದು ಸಾಲು. ಮೇಲೆ ಹಾಕುವ ತಾರೀಕು ಬರೆಯುವ ದಿನದ್ದು. ಒಳಗಿರುವುದು ನಿನ್ನೆ ಬೆಳಗಿನಿಂದ ಇವತ್ತು ಬೆಳಗಿನವರೆಗಿನ ಸಂಗತಿ. ಹವಾಮಾನ ಇಲಾಖೆಯೂ ಬೆಳಿಗ್ಗೆ 8.30ಕ್ಕೆ ಮುಗಿಯುವ 24 ಗಂಟೆಯ ಮಳೆಯನ್ನು ಆ ತಾರೀಕಿಗೇ ಹಾಕುತ್ತದೆ. ಇದನ್ನು ಮೊದಲ ದಿನವೇ ತೀರ್ಮಾನಿಸಿ ಪುಸ್ತಕದ ಒಳರಟ್ಟಿನ ಮೇಲೆ ಬರೆದಿಡಬೇಕು. ಇಲ್ಲದಿದ್ದರೆ ಮೂರನೇ ದಿನ ‘ಇದು ನಿನ್ನೆಯದೋ ಇವತ್ತಿನದೋ’ ಎಂಬ ಗೊಂದಲ ಶುರುವಾಗುತ್ತದೆ. ರಾತ್ರಿ ಬರೆದರೆ ಆಯಾಸವೇ ಅರ್ಧ ಪುಟ ತುಂಬುತ್ತದೆ. ಒಂದು ನಿದ್ದೆ ಕಳೆದ ಮೇಲೂ ನೆನಪಲ್ಲಿ ಉಳಿದದ್ದು ಏನೆಂದು ಬೆಳಿಗ್ಗೆ ಸುಲಭವಾಗಿ ಗೊತ್ತಾಗುತ್ತದೆ. ಮಾಪಕ ಇಲ್ಲದ ಮನೆಯವರು ಹಾಲು ಕಾಯಿಸುವುದೋ ಕೋಳಿ ಗೂಡು ತೆರೆಯುವುದೋ, ಹೇಗೂ ದಿನಾ ಮಾಡುವ ಒಂದು ಕೆಲಸಕ್ಕೆ ಇದನ್ನು ಕಟ್ಟಿಕೊಳ್ಳಬಹುದು. ‘ಏಳು ಗಂಟೆಗೆ’ ಎಂದು ಗಡಿಯಾರಕ್ಕೆ ಕಟ್ಟಿದರೆ ಮಾತ್ರ ನಿಲ್ಲುವುದಿಲ್ಲ. ಗಡಿಯಾರ ಸುಮ್ಮನೆ ಮುಂದೆ ಹೋಗುತ್ತದೆ, ಹಾಲು ಉಕ್ಕಿ ಕರೆಯುತ್ತದೆ.

ಪುಸ್ತಕದ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ತಾರೀಕು ಅಚ್ಚಾಗಿರುವ ಡೈರಿ ಬೇಡ. ಅದರಲ್ಲಿ ಬಿಟ್ಟುಹೋದ ಪ್ರತಿ ದಿನಕ್ಕೂ ಒಂದು ಖಾಲಿ ಪುಟ ಉಳಿಯುತ್ತದೆ, ಮೂರು ಖಾಲಿ ಪುಟ ಕಂಡ ಮೇಲೆ ಅದನ್ನು ತೆರೆಯುವ ಮನಸ್ಸೇ ಬರುವುದಿಲ್ಲ. 200 ಪುಟದ ಗೆರೆ ನೋಟ್‌ಬುಕ್ ಸಾಕು, ತಾರೀಕನ್ನು ಕೈಯಲ್ಲೇ ಹಾಕಿ. ಪಿನ್ ಹೊಡೆದ ಪುಸ್ತಕ ಇಲ್ಲಿನ ಮಳೆಗಾಲಕ್ಕೆ ಆಗದು: ಪಿನ್ ತುಕ್ಕು ಹಿಡಿದು ನಡುಪುಟ ಕಂದಾಗುತ್ತದೆ, ಆಮೇಲೆ ಹಾಳೆಗಳೇ ಕಳಚುತ್ತವೆ. ದಾರದಲ್ಲಿ ಹೊಲಿದದ್ದನ್ನೇ ತೆಗೆದುಕೊಳ್ಳಿ. ಜೆಲ್ ಪೆನ್ನು, ಶಾಯಿ ಪೆನ್ನು ಎರಡರದ್ದೂ ನೀರಿನ ಶಾಯಿ. ತೇವ ಹೀರಿದ ಕಾಗದದ ಮೇಲೆ ಅಕ್ಷರದ ಅಂಚು ಹರಡುತ್ತದೆ, ಹಾಳೆಯ ಹಿಂಬದಿಗೂ ಇಳಿಯುತ್ತದೆ. ಬಾಲ್ ಪೆನ್ನಿನದು ಎಣ್ಣೆಯ ಶಾಯಿ, ಹರಡುವುದಿಲ್ಲ. ಪುಸ್ತಕ ಇಡುವ ಜಾಗ ಹೊರಗೋಡೆಗೆ ತಾಗಿದ ಬೀರು ಆಗಬಾರದು. ಮಳೆ ಹೊಡೆಯುವ ಗೋಡೆಯ ತೇವ ಮರಕ್ಕೂ ದಾಟುತ್ತದೆ, ಹತ್ತು ದಿನದಲ್ಲಿ ರಟ್ಟಿನ ಮೇಲೆ ಬೂಸಲು. ಅಡುಗೆಮನೆಯಲ್ಲಿ ಒಲೆಯ ಬಿಸಿ ತಾಗುವಷ್ಟು ಹತ್ತಿರ, ಹಬೆ ತಾಗದಷ್ಟು ದೂರ ಇರುವ ಒಂದು ಶೆಲ್ಫ್ ಸರಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡುವುದು ಜಾಣತನ ಎನಿಸುತ್ತದೆ, ಆದರೆ ಆಗಲೇ ತೇವವಾಗಿರುವ ಪುಸ್ತಕದ ತೇವವನ್ನು ಅದು ಒಳಗೇ ಹಿಡಿದಿಡುತ್ತದೆ.

ಸಣ್ಣ ನೋಟ್‌ಬುಕ್ಕಿನ ಪುಟದಲ್ಲಿ ಸುಮಾರು 20 ಗೆರೆ ಸಿಗುತ್ತವೆ. ದಿನಕ್ಕೆ ಐದು ಸಾಲು ಎಂದರೆ ಪುಟಕ್ಕೆ ನಾಲ್ಕು ದಿನ, ವರ್ಷಕ್ಕೆ 92 ಪುಟ. ಉಳಿದ 108 ಪುಟವನ್ನು ಹಿಂದಿನಿಂದ ಬಳಸಬೇಕು: ಪುಸ್ತಕವನ್ನು ತಿರುಗಿಸಿ, ಹಿಂಬದಿಯಿಂದ ಪುಟಸಂಖ್ಯೆ ಹಾಕಿ. ಒಂದು ದಿನ ಬರೆಯುವುದು ಜಾಸ್ತಿ ಇದ್ದರೆ ಐದನೇ ಸಾಲಿನಲ್ಲಿ ‘ಹಿಂದೆ, ಪುಟ 3’ ಎಂದು ಗುರುತಿಸಿ ಅಲ್ಲಿ ಎಷ್ಟಾದರೂ ಬರೆಯಿರಿ. ಮುಂಭಾಗದ ಐದು ಸಾಲಿನ ಮಿತಿ ಮಾತ್ರ ಮುರಿಯಬಾರದು. ಮೊದಲ ವಾರ ಹುರುಪಿನಲ್ಲಿ ದಿನಕ್ಕೆ ಎರಡು ಪುಟ ಬರೆದವರೇ ಎಂಟನೇ ದಿನ ನಿಲ್ಲಿಸುವವರು. ಎರಡು ಪುಟವೇ ಅವರ ಮನಸ್ಸಿನಲ್ಲಿ ‘ಒಂದು ದಿನ’ದ ಅಳತೆ ಆಗಿಬಿಟ್ಟಿರುತ್ತದೆ, ಅಷ್ಟು ಪುರುಸೊತ್ತು ಇಲ್ಲದ ದಿನ ಒಂದು ಗೆರೆಯನ್ನೂ ಬರೆಯುವುದಿಲ್ಲ.

ಐದು ಸಾಲಿನಲ್ಲಿ ಮೊದಲನೆಯದು ತಾರೀಕು, ವಾರ, ಮಳೆ. ಎರಡು, ಮೂರು ನಡೆದ ಒಂದೇ ಸಂಗತಿಗೆ. ನಾಲ್ಕನೆಯದು ಯಾರಾದರೂ ಹೇಳಿದ ಮಾತು, ಹೇಳಿದ ಹಾಗೆಯೇ. ಐದನೆಯದು ಮುಂದೆ ನೋಡಬೇಕಾದ್ದು. ಹೊಸಬರು ಮೊದಲ ದಿನಗಳಲ್ಲಿ ಬರೆಯುವುದು ಸಾಮಾನ್ಯವಾಗಿ ಹೀಗಿರುತ್ತದೆ: ‘ಇವತ್ತು ತುಂಬಾ ಮಳೆ. ಕೆಲಸ ಜಾಸ್ತಿ ಇತ್ತು. ಮನಸ್ಸಿಗೆ ಬೇಜಾರು.’ ಜುಲೈ ತಿಂಗಳ ಯಾವ ದಿನಕ್ಕಾದರೂ ಇದು ಹೊಂದುತ್ತದೆ. ಹಾಗಾಗಿ ಆರನೇ ದಿನ ಅದನ್ನೇ ಮತ್ತೆ ಬರೆಯಲು ಕೈ ಬೇಸರಪಡುತ್ತದೆ. ಅದೇ ದಿನ ಕ್ರಮದ ಪ್ರಕಾರ ಹೀಗಾಗುತ್ತದೆ:

ಜುಲೈ 9, ಬುಧ. ಮಳೆ 1-85.
ಕೆಳಗಿನ ಗದ್ದೆಗೆ ಅಗೆ ಕಿತ್ತದ್ದು, ಆರು ಜನ. ಊಟದ ನಂತರ
ಜೋರು ಮಳೆ, ಎರಡು ಗಂಟೆ ಎಲ್ಲರೂ ಕೊಟ್ಟಿಗೆಯಲ್ಲಿ ಕೂತದ್ದು.
“ಅಣ್ಣಾ, ಈ ಸಲ ಏಡಿ ಏರಿಗೆ ಬೇಗ ತೂತು ಹಾಕಿವೆ.”
ತೋಡಿನ ಬದಿಯ ಏರಿ ನೋಡಬೇಕು.

ಬೇಜಾರು ಎಂಬ ಪದ ಇಲ್ಲಿಲ್ಲ, ಆದರೆ ಎರಡು ಗಂಟೆ ಕೊಟ್ಟಿಗೆಯಲ್ಲಿ ಕೂತದ್ದು ಇದೆ. ಐದನೇ ಸಾಲು ಮರುದಿನಕ್ಕೆ ಬಾಗಿಲು: ಏರಿ ನೋಡಿದೆವೋ ಇಲ್ಲವೋ ಎಂಬುದೇ 10ನೇ ತಾರೀಕಿನ ಎರಡನೇ ಸಾಲಾಗುತ್ತದೆ. ‘ಏನು ಬರೆಯಲಿ’ ಎಂದು ಪೆನ್ನು ಹಿಡಿದು ಕೂರುವ ಕಷ್ಟ ಇದರಿಂದಲೇ ಬಹುಪಾಲು ತಪ್ಪುತ್ತದೆ. ನಾಲ್ಕನೇ ಸಾಲಿನ ಬಗ್ಗೆ ಒಂದು ಮಾತು. ನಮ್ಮಲ್ಲಿ ಮನೆಯೊಳಗೆ ಕೊಡವ ತಕ್ಕೋ ಅರೆಭಾಷೆಯೋ, ತೋಟದಲ್ಲಿ ಇನ್ನೊಂದು ಭಾಷೆ. ಕೇಳಿದ್ದನ್ನು ಕೇಳಿದ ಭಾಷೆಯಲ್ಲೇ ಕನ್ನಡ ಅಕ್ಷರದಲ್ಲಿ ಬರೆದುಬಿಡಿ. ಪುಸ್ತಕದ ಕನ್ನಡಕ್ಕೆ ತಿರುಗಿಸಲು ಹೋದರೆ ಹೊತ್ತೂ ಹೋಗುತ್ತದೆ, ಹೇಳಿದವರ ದನಿಯೂ ಹೋಗುತ್ತದೆ.

ಇನ್ನು ಬಿಟ್ಟುಹೋದ ದಿನಗಳ ವಿಷಯ. ಹೆಚ್ಚಿನ ಪುಸ್ತಕಗಳು ನಿಲ್ಲುವುದು ಇಲ್ಲೇ. 11ರ ಶುಕ್ರವಾರ ಬೆಳಿಗ್ಗೆ ಬರೆದದ್ದಾಯಿತು. ಆಮೇಲೆ ಸಂಬಂಧಿಕರ ಮನೆಗೆ ಹೋಗಬೇಕಾಯಿತು, ಬಂದದ್ದು ಸೋಮವಾರ ರಾತ್ರಿ. 12, 13, 14 ಮೂರು ದಿನ ಬರೆದಿಲ್ಲ. ಮಂಗಳವಾರ ಕೂತು ಮೂರು ದಿನವನ್ನೂ ನೆನಪಿಸಿಕೊಂಡು ತುಂಬಲು ಹೊರಟರೆ ಹದಿನೈದು ಸಾಲಿನ ಸಾಲ ತಲೆಯ ಮೇಲೆ ಬರುತ್ತದೆ. ಅದನ್ನು ನಾಳೆಗೆ ಹಾಕುತ್ತೇವೆ, ನಾಳೆ ಅದು ಇಪ್ಪತ್ತು ಸಾಲಾಗಿರುತ್ತದೆ. ಮಳೆ ಪುಸ್ತಕ ಇಂಥಲ್ಲಿ ಏನು ಮಾಡುತ್ತದೆ ನೋಡಿ. ಮಾಪಕದಲ್ಲಿ ನೀರು ಒಟ್ಟಾಗಿ ನಿಂತಿದೆ. ಅದನ್ನು ‘ಶನಿವಾರ ಇಷ್ಟಿರಬಹುದು, ಭಾನುವಾರ ಅಷ್ಟಿರಬಹುದು’ ಎಂದು ಊಹೆಯಲ್ಲಿ ಹಂಚುವುದಿಲ್ಲ. ಹಂಚಿದರೆ ಆ ಪುಸ್ತಕವನ್ನು ಮುಂದೆ ಯಾರೂ ನಂಬುವಂತಿಲ್ಲ. ಒಟ್ಟು ಅಳೆದು, ಒಟ್ಟು ಎಂದೇ ಬರೆಯುತ್ತೇವೆ. ದಿನಚರಿಗೂ ಅದೇ:

ಜುಲೈ 15, ಮಂಗಳ. ಮಳೆ 6-30, ನಾಲ್ಕು ದಿನ ಸೇರಿ.
12, 13, 14 ಬರೆದಿಲ್ಲ. ಸಂಬಂಧಿಕರ ಮನೆಯಲ್ಲಿದ್ದದ್ದು.
ವಾಪಸು ಬರುವಾಗ ದಾರಿಗೆ ಮರ ಬಿದ್ದು ಒಂದು ಗಂಟೆ ಕಾದದ್ದು.
“ಗರಗಸ ಇರುವವರೆಲ್ಲ ಮನೆಯಲ್ಲಿ ಮಲಗಿದ್ದಾರೆ.”
ಏರಿ ಇನ್ನೂ ನೋಡಿಲ್ಲ.

ಬರೆಯದ ದಿನ ಮೂರು, ಮಳೆ ಮಾತ್ರ ನಾಲ್ಕು ದಿನದ್ದು. 11ರ ಬೆಳಿಗ್ಗೆ ಖಾಲಿ ಮಾಡಿದ ಮಾಪಕ 15ರ ಬೆಳಿಗ್ಗೆಯವರೆಗೆ ತುಂಬಿದೆ. ಇಷ್ಟು ಬರೆದರೆ ಅಂತರ ಮುಚ್ಚಿದಂತೆ, ಪುಟದಲ್ಲಿ ಖಾಲಿ ಜಾಗವೂ ಇಲ್ಲ. ತಪ್ಪಿದ ಒಂದು ದಿನಕ್ಕೆ ಇಡೀ ಅಭ್ಯಾಸ ಹಾಳಾಯಿತು ಎಂದುಕೊಳ್ಳುವುದಕ್ಕೂ ಆಧಾರವಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರ ಹೊಸ ಅಭ್ಯಾಸವನ್ನು 12 ವಾರ ಗಮನಿಸಿದಾಗ, ನಡುವೆ ಒಂದು ದಿನ ಬಿಟ್ಟದ್ದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಿರಲಿಲ್ಲ. ಅಭ್ಯಾಸ ತಾನಾಗಿ ನಡೆಯುವ ಹಂತಕ್ಕೆ ಬರಲು ಬೇಕಾದ ದಿನಗಳ ಮಧ್ಯಾಂಕ 66, ಆದರೆ ಒಬ್ಬೊಬ್ಬರಿಗೆ 18ರಿಂದ 254ರವರೆಗೆ ಎಂದು ಅವರ ಅಂದಾಜು. ಜುಲೈ ಮೊದಲ ವಾರದಿಂದ 66 ದಿನ ಎಂದರೆ ಸೆಪ್ಟೆಂಬರ್ ಮೊದಲಿಗೆ ಬರುವ ನಮ್ಮ ಕೈಲ್ ಪೊಳ್ದ್ ಹಬ್ಬ ಕಳೆದು ಸುಮಾರು ಒಂದು ವಾರ. ಅಲ್ಲಿಯವರೆಗೆ ಪ್ರತಿ ಬೆಳಿಗ್ಗೆ ಸ್ವಲ್ಪ ಎಳೆದಾಟ ಇದ್ದರೆ ಅದು ಸಹಜ.

ಅಡುಗೆಮನೆಯ ಶೆಲ್ಫಿನಲ್ಲಿರುವ ಪುಸ್ತಕವನ್ನು ಮನೆಯವರೆಲ್ಲ ಓದುತ್ತಾರೆ. ಓದಬೇಡಿ ಎಂದರೆ ಎರಡು ಸಲ ಓದುತ್ತಾರೆ. ಯಾರೋ ಓದುತ್ತಾರೆಂಬ ಅಳುಕು ಹೊಕ್ಕ ಕೂಡಲೇ ಸಾಲುಗಳು ನಯವಾಗುತ್ತವೆ, ‘ಎಲ್ಲರೂ ಸೇರಿ ಊಟ ಮಾಡಿದೆವು’ ಎಂಬಂಥವು ಹೆಚ್ಚುತ್ತವೆ. ಅದು ಕಂಡರೆ ಮುಂಭಾಗ ಎಲ್ಲರಿಗೂ ತೆರೆದದ್ದು ಎಂದೇ ಒಪ್ಪಿಕೊಂಡು, ಸ್ವಂತದ್ದಕ್ಕೆ ಬೇರೆ ಪುಸ್ತಕವನ್ನು ಬೇರೆ ಕಡೆ ಇಡುವುದು ಒಳ್ಳೆಯದು. ಜಗಳ, ದುಃಖ, ಸಿಟ್ಟನ್ನು ಬಿಚ್ಚಿ ಬರೆಯಬೇಕೆಂದಿರುವವರಿಗೆ ಈ ಐದು ಸಾಲಿನ ಕ್ರಮ ಹೊಂದುವುದೂ ಇಲ್ಲ, ಅದಕ್ಕೆ ಬೇಕಾದದ್ದು ಅಳತೆ ಇಲ್ಲದ ಹಾಳೆ.

ಭಾನುವಾರ ಆ ವಾರದ ಸಾಲುಗಳನ್ನು ಒಮ್ಮೆ ಓದಬೇಕು, ಐದು ನಿಮಿಷ ಸಾಕು. ಬೇರೆ ದಿನಕ್ಕೂ ಹೊಂದುವ ಸಾಲಿನ ಕೆಳಗೆ ಗೆರೆ ಎಳೆಯಿರಿ. ಎರಡನೇ ವಾರ ಅಂಥ ಗೆರೆ ಕಡಿಮೆಯಾದರೆ ಬರವಣಿಗೆ ಸರಿದಾರಿಯಲ್ಲಿದೆ. ಹೆಚ್ಚಾದರೆ ಬರೆಯುವ ಹೊತ್ತು ತಪ್ಪಿ ರಾತ್ರಿಗೆ ಜಾರಿದೆಯೇ ಎಂದು ಮೊದಲು ನೋಡಿ, ಬಹಳ ಸಲ ಕಾರಣ ಅದೇ ಆಗಿರುತ್ತದೆ.

ಡಿಸೆಂಬರಿನಲ್ಲಿ ಕುಯ್ಲು ಶುರುವಾದ ಮೇಲೆ ಐದು ಸಾಲನ್ನು ಎರಡಕ್ಕೆ ಇಳಿಸುತ್ತೇನೆ: ತಾರೀಕಿನ ಸಾಲು, ಒಂದು ಸಂಗತಿಯ ಸಾಲು. ಮಳೆಯ ಜಾಗದಲ್ಲಿ ವಾರಗಟ್ಟಲೆ 0. ಫೆಬ್ರವರಿ ಕೊನೆಗೋ ಮಾರ್ಚಿಗೋ ಒಂದು ಬೆಳಿಗ್ಗೆ ಅಲ್ಲಿ 1-10 ಎಂದು ಬಿದ್ದರೆ ಅದು ಹೂಮಳೆ, ಐದನೇ ಸಾಲು ಆವತ್ತೇ ಮರಳಿ ಬರುತ್ತದೆ: ‘ಎಂಟು ಹತ್ತು ದಿನದಲ್ಲಿ ಹೂ, ಮೇಲಿನ ತೋಟ ನೋಡಬೇಕು.’